ಕಂತಿನ ಸಾಲದಲ್ಲಿ ನಿಜವಾದ ಬಾಕಿ ಎಷ್ಟು?

ಟ್ರ್ಯಾಕ್ಟರು, ಪಂಪು, ಹಾಲಿನ ಹಸು ಮೊದಲಾದವುಗಳಿಗಾಗಿ ತಂದ ಸಾಲವನ್ನು ತಿಂಗಳು ತಿಂಗಳಿಗೂ ಒಂದೇ ಮೊತ್ತದ ಕಂತಿನಿಂದ ತೀರಿಸುವ ಪದ್ಧತಿಯು ಗ್ರಾಮಗಳಲ್ಲಿ ಬಳಕೆಗೆ ಬಂದಿದೆ. ಇ.ಎಂ.ಐ. ಎಂದು ಜನರು ಕರೆಯುವುದು ಇದನ್ನೇ. ಇಂತಹ ಸಾಲವನ್ನು ವಾಯಿದೆಗೆ ಮುಂಚೆಯೇ ಚುಕ್ತಾ ಮಾಡುವಾಗಲೂ, ಸಾಲವಿರುವ ಯಂತ್ರವನ್ನು ಮಾರುವಾಗಲೂ, ಅಣ್ಣತಮ್ಮಂದಿರು ಪಾಲಾಗುವಾಗಲೂ ಸಾಲವೆಷ್ಟು ಉಳಿದಿದೆಯೆಂಬ ಪ್ರಶ್ನೆಯು ಏಳುತ್ತದೆ. ಉಳಿದ ಕಂತುಗಳನ್ನೆಲ್ಲ ಕೂಡಿ ಅದೇ ಬಾಕಿಯೆಂದು ಹೇಳುವವರು ಬಹಳ ಮಂದಿ. ಈ ಎಣಿಕೆಯು ಸರಿಯಲ್ಲ. ಪಂಚಾಯ್ತಿಯಲ್ಲಿ ಕುಳಿತು ನ್ಯಾಯ ಹೇಳತಕ್ಕ ಯಜಮಾನರು ಇದನ್ನು ತಿಳಿದಿರದಿದ್ದರೆ ಒಬ್ಬನ ಹಣವು ಮತ್ತೊಬ್ಬನ ಪಾಲಿಗೆ ಸೇರಿಹೋಗುವುದು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ರೈತನೊಬ್ಬನು ಟ್ರ್ಯಾಕ್ಟರಿಗಾಗಿ 6,00,000 ರೂಪಾಯಿ ಸಾಲ ಪಡೆದಿದ್ದಾನೆ. ಬಡ್ಡಿಯು ವರ್ಷಕ್ಕೆ ನೂರಕ್ಕೆ 12, ಎಂದರೆ ನಮ್ಮ ಊರುಗಳ ಮಾತಿನಲ್ಲಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ. ಐದು ವರ್ಷಗಳಲ್ಲಿ 60 ಕಂತುಗಳಿಂದ ಸಾಲ ತೀರಬೇಕು. ಈ ಲೆಕ್ಕಕ್ಕೆ ತಿಂಗಳ ಕಂತು 13,347 ರೂಪಾಯಿ ಆಗುತ್ತದೆ.

ಈ ಕಂತು ನೋಡುವುದಕ್ಕೆ ಒಂದೇ ಮೊತ್ತವಾದರೂ ಅದರೊಳಗೆ ಎರಡು ಭಾಗಗಳಿವೆ. ಆ ತಿಂಗಳು ಉಳಿದಿದ್ದ ಅಸಲಿನ ಮೇಲೆ ಹುಟ್ಟಿದ ಬಡ್ಡಿಗೆ ಮೊದಲು ಜಮಾ ಆಗುತ್ತದೆ. ಮಿಕ್ಕದ್ದು ಮಾತ್ರ ಅಸಲಿಗೆ ಸಲ್ಲುತ್ತದೆ. ಮೊದಲನೆಯ ತಿಂಗಳು ಆರು ಲಕ್ಷದ ಮೇಲೆ ಬಡ್ಡಿಯು 6,000 ರೂಪಾಯಿ. ಕಂತಿನಲ್ಲಿ ಅದನ್ನು ಕಳೆದರೆ 7,347 ರೂಪಾಯಿ ಅಸಲಿಗೆ ಹೋಗಿ 5,92,653 ರೂಪಾಯಿ ಉಳಿಯುತ್ತದೆ. ಎರಡನೆಯ ತಿಂಗಳು ಬಡ್ಡಿಯು ಈ ಉಳಿದ ಮೊತ್ತದ ಮೇಲೆ ಮಾತ್ರವಾದುದರಿಂದ 5,927 ರೂಪಾಯಿಗೆ ಇಳಿಯುತ್ತದೆ, ಅಸಲಿಗೆ 7,420 ರೂಪಾಯಿ ಸಲ್ಲುತ್ತದೆ. ಹೀಗೆಯೇ ತಿಂಗಳು ತಿಂಗಳಿಗೂ ಬಡ್ಡಿಯ ಭಾಗವು ಕರಗುತ್ತಲೂ ಅಸಲಿನ ಭಾಗವು ಬೆಳೆಯುತ್ತಲೂ ಹೋಗುವುವು. ಕೆಳಗಿನ ತಃಖ್ತೆಯಲ್ಲಿ ಇದನ್ನು ಕಾಣಬಹುದು.

| ಕಂತು | ಬಡ್ಡಿಗೆ (ರೂ.) | ಅಸಲಿಗೆ (ರೂ.) |
|---|---|---|
| 1ನೆಯದು | 6,000 | 7,347 |
| 2ನೆಯದು | 5,927 | 7,420 |
| 25ನೆಯದು | 4,018 | 9,329 |
| ಕೊನೆಯದು | ಸುಮಾರು 132 | ಉಳಿದ ಅಸಲೆಲ್ಲ |

ಈಗ ಎರಡು ವರ್ಷಗಳು ತುಂಬಿ 24 ಕಂತುಗಳು ತಪ್ಪದೆ ಸಂದಿವೆಯೆಂದು ಇಟ್ಟುಕೊಳ್ಳೋಣ. ರೈತನು ಕೊಟ್ಟಿರುವುದು 3,20,328 ರೂಪಾಯಿ. ಇದರಲ್ಲಿ 1,22,154 ರೂಪಾಯಿ ಬಡ್ಡಿಗೂ 1,98,174 ರೂಪಾಯಿ ಅಸಲಿಗೂ ಸಂದಿದೆ. ಆದುದರಿಂದ ಆ ದಿನ ಉಳಿದ ನಿಜವಾದ ಬಾಕಿ 4,01,826 ರೂಪಾಯಿ. ಉಳಿದಿರುವ 36 ಕಂತುಗಳನ್ನು ಕೂಡಿದರಾದರೋ 4,80,492 ರೂಪಾಯಿ ಆಗುತ್ತದೆ. ಇವೆರಡರ ನಡುವಿನ ವ್ಯತ್ಯಾಸ 78,666 ರೂಪಾಯಿ. ಕೊನೆಯ ಕಂತಿನಲ್ಲಿ ಚಿಲ್ಲರೆ ಹೊಂದಿಸುವ ಕೆಲವು ರೂಪಾಯಿಗಳನ್ನು ಬಿಟ್ಟರೆ, ಇದೆಲ್ಲವೂ ಮುಂದಿನ ಮೂರು ವರ್ಷಗಳಲ್ಲಿ ಹುಟ್ಟಬೇಕಾದ ಬಡ್ಡಿಯೇ ಹೊರತು ಈ ದಿನ ಹುಟ್ಟಿರುವ ಸಾಲವಲ್ಲ. ಬಾರದ ತಿಂಗಳಿನ ಬಡ್ಡಿಯನ್ನು ಬಾಕಿಯೆಂದು ಎಣಿಸುವುದು, ಮುಂದಿನ ವರ್ಷದ ಗುತ್ತಿಗೆಯನ್ನು ಈ ವರ್ಷವೇ ಸಾಲವೆಂದು ಬರೆದುಕೊಂಡಂತೆ.

ಇದಕ್ಕೆ ವಿರುದ್ಧವಾದ ತಪ್ಪನ್ನು ಮಾಡುವವರೂ ಉಂಟು. ಆರು ಲಕ್ಷದಲ್ಲಿ ಕೊಟ್ಟ ಹಣವನ್ನೆಲ್ಲ ಕಳೆದು 2,79,672 ರೂಪಾಯಿ ಮಾತ್ರವೇ ಉಳಿದಿದೆಯೆಂದು ತಿಳಿದವನು, ಬ್ಯಾಂಕಿನವರು ನಾಲ್ಕು ಲಕ್ಷ ಕೇಳಿದಾಗ ಮೋಸವೆಂದು ಭಾವಿಸುವನು. ಮೊದಲ ವರ್ಷಗಳ ಕಂತಿನಲ್ಲಿ ಬಡ್ಡಿಯ ಭಾಗವು ಕೊನೆಯ ವರ್ಷಗಳಿಗಿಂತ ಹೆಚ್ಚೆಂಬುದನ್ನು ಅವನು ಮರೆತಿರುತ್ತಾನೆ. ನಿಜವಾದ ಬಾಕಿಯು ಈ ಎರಡು ತಪ್ಪು ಲೆಕ್ಕಗಳ ನಡುವೆ ಇರುತ್ತದೆ.

ಈ ವ್ಯತ್ಯಾಸವು ಪಾಲುಪಟ್ಟಿಯಲ್ಲಿ ಹೇಗೆ ಕೆಲಸ ಮಾಡುವುದೆಂಬುದನ್ನು ನೋಡಬೇಕು. ಮೇಲಿನ ಟ್ರ್ಯಾಕ್ಟರಿಗೆ ಈಗ 5,00,000 ರೂಪಾಯಿ ಬೆಲೆಯೆಂದು ಇಬ್ಬರು ಅಣ್ಣತಮ್ಮಂದಿರೂ ಒಪ್ಪಿದ್ದಾರೆ. ಅಣ್ಣನು ಟ್ರ್ಯಾಕ್ಟರನ್ನೂ ಅದರ ಸಾಲವನ್ನೂ ವಹಿಸಿಕೊಂಡು, ಉಳಿದ ಬೆಲೆಯಲ್ಲಿ ಅರ್ಧವನ್ನು ತಮ್ಮನಿಗೆ ಕೊಡತಕ್ಕದ್ದು. ಸಾಲವನ್ನು 4,80,492 ಎಂದು ಹಿಡಿದರೆ ಉಳಿಯುವುದು 19,508 ರೂಪಾಯಿ. ತಮ್ಮನಿಗೆ ಬರುವುದು 9,754. ಸರಿಯಾದ ಬಾಕಿಯನ್ನು ಹಿಡಿದರೆ ಉಳಿಯುವುದು 98,174 ರೂಪಾಯಿ. ತಮ್ಮನಿಗೆ 49,087 ಸಲ್ಲಬೇಕು. ಯಾರಿಗೂ ಕೆಟ್ಟ ಬುದ್ಧಿಯಿಲ್ಲದೆಯೇ, ಕೇವಲ ಕೂಡಿಸುವ ರೀತಿಯಿಂದ, ತಮ್ಮನು 39,333 ರೂಪಾಯಿ ಕಳೆದುಕೊಳ್ಳುತ್ತಾನೆ.

“ನಾನು ಮೂರು ವರ್ಷಗಳಲ್ಲಿ 4,80,492 ರೂಪಾಯಿಯನ್ನು ನಿಜವಾಗಿಯೂ ಕಟ್ಟಲೇಬೇಕಲ್ಲವೇ?” ಎಂದು ಅಣ್ಣನು ಕೇಳಬಹುದು. ಮಾತು ನ್ಯಾಯವೆಂದು ತೋರಿದರೂ ಅದಕ್ಕೆ ಉತ್ತರವಿದೆ. ಅವನು ಈ ದಿನವೇ 4,01,826 ರೂಪಾಯಿ ಕಟ್ಟಿದರೆ ಅಸಲೆಲ್ಲ ತೀರಿಹೋಗುತ್ತದೆ. ಹಾಗೆ ಮಾಡದೆ ಕಂತುಗಳಲ್ಲಿ ಕಟ್ಟುವುದಾದರೆ, ಅಷ್ಟು ಕಾಲ ಬ್ಯಾಂಕಿನ ಹಣವನ್ನು ಇಟ್ಟುಕೊಂಡು ಅನುಭವಿಸುವವನು ಅವನೊಬ್ಬನೇ. ಅದರ ಬಡ್ಡಿಯನ್ನೂ ಅವನೊಬ್ಬನೇ ಹೊರತಕ್ಕದ್ದು. ಸಾಲವಿರುವ ಟ್ರ್ಯಾಕ್ಟರನ್ನು ಕೊಳ್ಳುವವನು ಬೆಲೆಯಲ್ಲಿ ಉಳಿದ ಕಂತುಗಳ ಮೊತ್ತವನ್ನೆಲ್ಲ ಮುರಿದುಕೊಳ್ಳುವುದಕ್ಕೆ ಬಂದಾಗಲೂ ಇದೇ ಉತ್ತರ.

ಬ್ಯಾಂಕಿನವರು ಚುಕ್ತಾ ಮಾಡಿಕೊಳ್ಳಲು ಹೇಳುವ ಮೊತ್ತವು ಮೇಲಿನ ಬಾಕಿಗಿಂತ ಸ್ವಲ್ಪ ಹೆಚ್ಚಾಗಿರುವುದಕ್ಕೆ ಕಾರಣಗಳುಂಟು. ಕೊನೆಯ ಕಂತು ಸಂದ ದಿನದಿಂದ ಹಣ ಕಟ್ಟುವ ದಿನದವರೆಗಿನ ಬಡ್ಡಿಯು ಸೇರಬೇಕು. ನಮ್ಮ ಉದಾಹರಣೆಯಲ್ಲಿ 15 ದಿನಗಳು ಕಳೆದಿದ್ದರೆ ಅದು 1,982 ರೂಪಾಯಿ. ತಪ್ಪಿದ ಕಂತುಗಳಿದ್ದರೆ ಅವುಗಳ ಬಡ್ಡಿಯೂ ದಂಡವೂ ಸೇರುವುವು. ಕರಾರಿನಲ್ಲಿ ಮುಂಗಡ ಚುಕ್ತಾ ಶುಲ್ಕವಿದ್ದರೆ ಅದನ್ನೂ ನೋಡಿಕೊಳ್ಳಬೇಕು. ಇವುಗಳ ಮೊತ್ತವನ್ನು ಬೇರೆ ಬೇರೆಯಾಗಿ ಬರೆದುಕೊಡುವಂತೆ ಕೇಳುವುದು ಸಾಲಗಾರನಿಗೆ ಯುಕ್ತವಾದುದು.

ಬಾಕಿಯನ್ನು ಮನೆಯಲ್ಲಿಯೇ ಪರೀಕ್ಷಿಸುವ ಸುಲಭವಾದ ಒಂದು ಕ್ರಮವಿದೆ. ಸಾಲದ ಲೆಕ್ಕದ ಪಟ್ಟಿಯಲ್ಲಿ ಒಂದು ಕಂತು ಸಂದ ಮೇಲೆ ಉಳಿದ ಮೊತ್ತವನ್ನು ತೆಗೆದುಕೊಂಡು ಅದಕ್ಕೆ ಒಂದು ತಿಂಗಳ ಬಡ್ಡಿಯನ್ನು ಕಟ್ಟಿ ನೋಡಬೇಕು. ಮುಂದಿನ ಸಾಲಿನಲ್ಲಿ ಬರೆದಿರುವ ಬಡ್ಡಿಯು ಅದಕ್ಕೆ ಹತ್ತಿರವಾಗಿರಬೇಕು. ಬಡ್ಡಿಯನ್ನು ದಿನಗಳ ಮೇಲೆ ಎಣಿಸುವ ಕಡೆಗಳಲ್ಲಿ ತಿಂಗಳಿನ ದಿನಗಳಿಗೆ ತಕ್ಕಂತೆ ಸ್ವಲ್ಪ ಹೆಚ್ಚು ಕಡಮೆಯಾಗಬಹುದು. ವ್ಯತ್ಯಾಸವು ದೊಡ್ಡದಾಗಿದ್ದರೆ ಬಡ್ಡಿಯ ದರ ಬದಲಾಗಿದೆಯೇ, ಕಂತು ತಪ್ಪಿದೆಯೇ ಎಂದು ವಿಚಾರಿಸಬೇಕು. ತಿಂಗಳಾದರೂ ತಿಂಗಳಾದರೂ ಬಡ್ಡಿಯು ಇಳಿಯದೆ ಮೊದಲಿನಷ್ಟೇ ಇದ್ದರೆ, ಮೊದಲು ಕೊಟ್ಟ ಪೂರ್ತಿ ಸಾಲದ ಮೇಲೆಯೇ ಬಡ್ಡಿ ಹಾಕಿರುವ ಸಂಭವವುಂಟು. ಅಂತಹ ಸಾಲಕ್ಕೆ ಮೇಲೆ ಹೇಳಿದ ಲೆಕ್ಕವು ಹಾಗೆಯೇ ಹೊಂದುವುದಿಲ್ಲ; ಕರಾರನ್ನೇ ಓದಿ ತಿಳಿಯಬೇಕು.

ಬೆಳೆಯ ಕಾಲವನ್ನು ನೋಡಿ ಆರು ತಿಂಗಳಿಗೊಮ್ಮೆ ಕಂತು ಇಟ್ಟಿರುವ ಸಾಲಗಳಿಗೂ ನಿಯಮವು ಇದೇ. ಬಡ್ಡಿಯನ್ನು ಆರು ತಿಂಗಳಿಗೆ ಎಣಿಸಬೇಕೆಂಬುದಷ್ಟೇ ಭೇದ. ಆದುದರಿಂದ ಪಾಲುಪಟ್ಟಿ ಅಥವಾ ಕ್ರಯಪತ್ರವನ್ನು ಬರೆಯುವ ಮುಂಚೆ, ಇಂತಹ ತಾರೀಖಿಗೆ ಅಸಲು ಇಷ್ಟು, ಬಡ್ಡಿ ಇಷ್ಟು ಎಂಬ ಬಾಕಿಯ ಪತ್ರವನ್ನು ಬ್ಯಾಂಕಿನಿಂದ ತರಿಸಿ, ಆ ತಾರೀಖನ್ನೂ ಮೊತ್ತವನ್ನೂ ಪತ್ರದಲ್ಲಿ ಕಾಣಿಸಿ, ಅನಂತರವೇ ಉಭಯಪಕ್ಷದವರ ರುಜುಗಳನ್ನು ಹಾಕಿಸತಕ್ಕದ್ದು.