ಯಕೃತ್ತಿನ ಅಮೀಬಾ ಬಾವು: ಮಾತ್ರೆ ಸಾಕೇ, ಸೂಜಿ ಬೇಕೇ?

ಯಕೃತ್ತಿನಲ್ಲಿ ಏಳುವ ಬಾವುಗಳಲ್ಲಿ ಮುಖ್ಯವಾದವು ಎರಡು ಬಗೆ. ಒಂದನ್ನು ಉಂಟುಮಾಡುವುದು ಎಂಟಮೀಬಾ ಹಿಸ್ಟೊಲಿಟಿಕಾ ಎಂಬ ಏಕಕೋಶ ಪರಾವಲಂಬಿ. ಇನ್ನೊಂದಕ್ಕೆ ಬ್ಯಾಕ್ಟೀರಿಯಾಗಳು ಕಾರಣ. ಜ್ವರ, ಬಲ ಪಕ್ಕೆಯ ಕೆಳಗೆ ನೋವು, ಸ್ಕ್ಯಾನಿಂಗಿನಲ್ಲಿ ಕಾಣುವ ದ್ರವ ತುಂಬಿದ ಪೊಳ್ಳು, ಇವೆಲ್ಲ ಎರಡರಲ್ಲೂ ಒಂದೇ ತೆರನಾಗಿರುತ್ತವೆ. ಆದರೆ ಮೊದಲನೆಯದು ಬಹುಪಾಲು ಮಾತ್ರೆಯಿಂದಲೇ ಗುಣವಾಗುತ್ತದೆ. ಎರಡನೆಯದರಲ್ಲಿ ಸಾಮಾನ್ಯವಾಗಿ ಕೀವನ್ನು ಹೊರತೆಗೆಯಲೇಬೇಕಾಗುತ್ತದೆ. ಆದ್ದರಿಂದ ಯಾವ ಬಗೆಯ ಬಾವು ಎಂದು ಮೊದಲ ಎರಡು ಮೂರು ದಿನಗಳಲ್ಲಿ ನಿರ್ಧರಿಸುವುದರ ಮೇಲೆ ಮುಂದಿನ ಚಿಕಿತ್ಸೆಯೆಲ್ಲ ನಿಂತಿದೆ.

ಅಮೀಬಾ ದೇಹಕ್ಕೆ ಬರುವುದು ಬಾಯಿಯ ಮೂಲಕ. ಸೋಂಕಿದ್ದವರ ಮಲದಲ್ಲಿ ಅಮೀಬಾದ ಸಿಸ್ಟ್‌ಗಳು, ಎಂದರೆ ಗಟ್ಟಿ ಕವಚ ತೊಟ್ಟ ಸುಪ್ತ ರೂಪಗಳು, ಹೊರಬೀಳುತ್ತವೆ. ಆ ಮಲ ಬೆರೆತ ನೀರು, ತೊಳೆಯದ ಸೊಪ್ಪು ತರಕಾರಿ, ಅಡುಗೆ ಮಾಡುವವರ ಕೈ ಇವುಗಳಿಂದ ಅವು ಮತ್ತೊಬ್ಬರ ಹೊಟ್ಟೆ ಸೇರುತ್ತವೆ. ಕುಡಿಯುವ ನೀರಿಗೆ ಹಾಕುವ ಸಾಮಾನ್ಯ ಪ್ರಮಾಣದ ಕ್ಲೋರಿನ್‌ಗೆ ಸಿಸ್ಟ್ ಜಗ್ಗುವುದಿಲ್ಲ. ನೀರು ಕುದಿಸಿದರೆ ಸಾಯುತ್ತದೆ. ಸಣ್ಣ ಕರುಳಿನಲ್ಲಿ ಕವಚ ಒಡೆದು ಹೊರಬರುವ ಅಮೀಬಾ ದೊಡ್ಡ ಕರುಳಿನಲ್ಲಿ ನೆಲೆಸುತ್ತದೆ. ಹೆಚ್ಚಿನವರಲ್ಲಿ ಅದು ಯಾವ ತೊಂದರೆಯನ್ನೂ ಮಾಡದೆ ಇದ್ದುಬಿಡುತ್ತದೆ. ಕೆಲವರಲ್ಲಿ ಕರುಳಿನ ಒಳಪದರವನ್ನು ಕೊರೆದು ಆಮಶಂಕೆ ತರುತ್ತದೆ. ಇನ್ನೂ ಕೆಲವರಲ್ಲಿ ಕರುಳಿನ ರಕ್ತವನ್ನು ಯಕೃತ್ತಿಗೆ ಒಯ್ಯುವ ಪೋರ್ಟಲ್ ರಕ್ತನಾಳವನ್ನು ಹೊಕ್ಕು ಯಕೃತ್ತನ್ನು ತಲುಪುತ್ತದೆ.

ಅಲ್ಲಿ ಅಮೀಬಾ ಯಕೃತ್ತಿನ ಜೀವಕೋಶಗಳನ್ನು ಮುಟ್ಟಿದಲ್ಲೇ ಕೊಲ್ಲುತ್ತದೆ. ಅದನ್ನು ಎದುರಿಸಲು ಬಂದ ಬಿಳಿ ರಕ್ತಕಣಗಳೂ ಸಾಯುತ್ತವೆ, ಅವುಗಳಿಂದ ಸೋರುವ ರಾಸಾಯನಿಕಗಳು ಸುತ್ತಲಿನ ಅಂಗಾಂಶವನ್ನು ಮತ್ತಷ್ಟು ಕರಗಿಸುತ್ತವೆ. ಹೀಗಾಗಿ ಪೊಳ್ಳಿನಲ್ಲಿ ತುಂಬಿಕೊಳ್ಳುವುದು ಕರಗಿದ ಯಕೃತ್ತೇ: ಚಾಕೊಲೇಟ್ ಕಂದು ಬಣ್ಣದ, ಮಂದವಾದ, ಸಾಮಾನ್ಯವಾಗಿ ವಾಸನೆಯಿಲ್ಲದ ದ್ರವ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಮೀಬಾ ಸಿಗುವುದು ಅಪರೂಪ. ಜೀವಂತ ಅಮೀಬಾಗಳು ದ್ರವದ ನಡುವೆ ಇರುವುದಿಲ್ಲ, ಪೊಳ್ಳಿನ ಗೋಡೆಗೆ ಅಂಟಿಕೊಂಡು ಇನ್ನೂ ಹಾಳಾಗದ ಅಂಗಾಂಶದತ್ತ ಮುಂದೊತ್ತುತ್ತಿರುತ್ತವೆ. ಚಿಕಿತ್ಸೆಯ ತರ್ಕ ಇಲ್ಲೇ ಅಡಗಿದೆ. ದ್ರವವನ್ನು ಬಸಿದರೂ ರೋಗಾಣು ಗೋಡೆಯಲ್ಲೇ ಉಳಿಯುತ್ತದೆ. ಗೋಡೆಯ ಆಚೆ ಮಾತ್ರ ಒಳ್ಳೆಯ ರಕ್ತಸಂಚಾರವಿದೆ, ಔಷಧ ಆ ದಾರಿಯಲ್ಲಿ ಬಂದು ಅದನ್ನು ಮುಟ್ಟಬಲ್ಲದು.

ಬ್ಯಾಕ್ಟೀರಿಯಾ ಬಾವಿನ ಕಥೆ ಬೇರೆ. ಈ. ಕೋಲೈ, ಕ್ಲೆಬ್ಸಿಯೆಲ್ಲಾ, ಸ್ಟ್ರೆಪ್ಟೊಕಾಕಸ್ ಮುಂತಾದವು ಹೆಚ್ಚಾಗಿ ಪಿತ್ತನಾಳದ ಮೂಲಕ ಮೇಲೇರುತ್ತವೆ. ಪಿತ್ತಕೋಶದ ಕಲ್ಲು ಅಥವಾ ನಾಳ ಕಟ್ಟಿಕೊಂಡಿರುವುದು ಅದಕ್ಕೆ ದಾರಿ ಮಾಡಿಕೊಡುತ್ತದೆ. ಅಪೆಂಡಿಕ್ಸ್ ಅಥವಾ ಕರುಳಿನ ಸೋಂಕಿನಿಂದಲೂ ಬರಬಹುದು. ಇಲ್ಲಿ ಪೊಳ್ಳಿನಲ್ಲಿರುವುದು ನಿಜವಾದ ಕೀವು, ಅದರ ತುಂಬ ಜೀವಂತ ಬ್ಯಾಕ್ಟೀರಿಯಾಗಳು. ಮಂದ ಕೀವಿನೊಳಗೆ ಆಂಟಿಬಯಾಟಿಕ್ ಚೆನ್ನಾಗಿ ಇಳಿಯುವುದಿಲ್ಲ. ಆದ್ದರಿಂದ ದೊಡ್ಡ ಬಾವಿದ್ದರೆ ಬಸಿಯದೆ ಗತಿಯಿಲ್ಲ, ಜೊತೆಗೆ ನಾಲ್ಕರಿಂದ ಆರು ವಾರ ಆಂಟಿಬಯಾಟಿಕ್ ಬೇಕು. ಮೂಲ ಎಲ್ಲಿದೆ ಎಂದು ಹುಡುಕುವ ಕೆಲಸವೂ ಇರುತ್ತದೆ. ಕಟ್ಟಿಕೊಂಡ ಪಿತ್ತನಾಳವನ್ನು ಹಾಗೇ ಬಿಟ್ಟರೆ ಬಾವು ಮರಳುತ್ತದೆ.

ಇವೆರಡರಲ್ಲಿ ಯಾವುದು ಎಂಬುದಕ್ಕೆ ಮೊದಲ ಸುಳಿವು ರೋಗಿ ಯಾರು ಎಂಬುದರಲ್ಲೇ ಸಿಗುತ್ತದೆ. ಅಮೀಬಾ ಬಾವು ಹೆಚ್ಚಾಗಿ ಬರುವುದು 20ರಿಂದ 50 ವರ್ಷದೊಳಗಿನ ಗಂಡಸರಿಗೆ. ಹೆಂಗಸರಿಗಿಂತ ಅವರಲ್ಲಿ ಇದು ಏಳರಿಂದ ಹತ್ತು ಪಟ್ಟು ಹೆಚ್ಚು ಎಂಬುದು ಬಹುಕಾಲದಿಂದ ಕಂಡುಬಂದಿದೆ. ಮದ್ಯ ಕುಡಿಯುವವರಲ್ಲಿ, ಭಾರತ ಮತ್ತು ಶ್ರೀಲಂಕಾದಲ್ಲಿ ವಿಶೇಷವಾಗಿ ಸೇಂದಿ ಕುಡಿಯುವವರಲ್ಲಿ, ಇದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಬಾವು ಸಾಮಾನ್ಯವಾಗಿ ಒಂದೇ ಇರುತ್ತದೆ, ಯಕೃತ್ತಿನ ಬಲ ಭಾಗದಲ್ಲಿರುತ್ತದೆ. ಬ್ಯಾಕ್ಟೀರಿಯಾ ಬಾವಿನ ರೋಗಿ ಹೆಚ್ಚಾಗಿ ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಇಲ್ಲವೇ ಪಿತ್ತಕೋಶದ ತೊಂದರೆ ಇದ್ದವರು. ಅವರಲ್ಲಿ ಕಾಮಾಲೆ ಕಾಣುವುದು ಹೆಚ್ಚು, ಬಾವುಗಳು ಒಂದಕ್ಕಿಂತ ಹೆಚ್ಚಿರಬಹುದು, ರಕ್ತ ಕಲ್ಚರ್ ಮಾಡಿದರೆ ಸುಮಾರು ಅರ್ಧದಷ್ಟು ಮಂದಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆದರೂ ಇವು ಸುಳಿವುಗಳಷ್ಟೇ. ಸಕ್ಕರೆ ಕಾಯಿಲೆಯ ಯುವಕನಿಗೂ ಅಮೀಬಾ ಬಾವು ಬರಬಹುದು.

ಪ್ರಯೋಗಾಲಯವೂ ಪೂರ್ತಿ ತೀರ್ಪು ಕೊಡುವುದಿಲ್ಲ. ಮಲ ಪರೀಕ್ಷೆಯಲ್ಲಿ ಅಮೀಬಾ ಕಾಣದಿದ್ದರೆ ರೋಗವಿಲ್ಲ ಎಂದು ತಿಳಿಯುವುದು ದೊಡ್ಡ ತಪ್ಪು. ಬಾವು ಎದ್ದಿರುವ ಹೊತ್ತಿಗೆ ಭೇದಿ ಇರುವವರೇ ಕಡಿಮೆ, ಮಲದಲ್ಲಿ ಅಮೀಬಾ ಸಿಗುವುದು ಇನ್ನೂ ಕಡಿಮೆ. ರಕ್ತದಲ್ಲಿ ಅಮೀಬಾ ವಿರುದ್ಧದ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆ 90ಕ್ಕೂ ಹೆಚ್ಚು ಶೇಕಡಾ ರೋಗಿಗಳಲ್ಲಿ ಪಾಸಿಟಿವ್ ಬರುತ್ತದೆ. ಆದರೆ ಮೊದಲ ವಾರದಲ್ಲಿ ನೆಗೆಟಿವ್ ಇರಬಹುದು. ಅಲ್ಲದೆ ಹಳೆಯ ಸೋಂಕಿನ ಪ್ರತಿಕಾಯಗಳು ವರ್ಷಗಟ್ಟಲೆ ಉಳಿಯುವುದರಿಂದ, ಅಮೀಬಾ ಸೋಂಕು ಸಾಮಾನ್ಯವಾಗಿರುವ ನಮ್ಮಂಥ ಕಡೆ ಪಾಸಿಟಿವ್ ಎಂದ ಮಾತ್ರಕ್ಕೆ ಈಗಿನ ಬಾವು ಅಮೀಬಾದ್ದೇ ಎಂದು ಹೇಳಲಾಗುವುದಿಲ್ಲ. ಅಲ್ಟ್ರಾಸೌಂಡ್ ಬಾವು ಎಲ್ಲಿದೆ, ಎಷ್ಟು ದೊಡ್ಡದಿದೆ ಎಂದು ತೋರಿಸುತ್ತದೆ. ಅದು ಯಾರ ಕೆಲಸ ಎಂದು ಖಚಿತವಾಗಿ ಹೇಳದು.

ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕಾಣುವಂಥ ಒಬ್ಬ ರೋಗಿಯನ್ನು ಕಲ್ಪಿಸಿಕೊಂಡರೆ ಈ ಗೊಂದಲ ಹೇಗೆ ಬಿಡಿಸಿಕೊಳ್ಳುತ್ತದೆ ಎಂಬುದು ತಿಳಿಯುತ್ತದೆ. ವಯಸ್ಸು 38, ಕೂಲಿ ಕೆಲಸ, ದಿನವೂ ಕುಡಿಯುವ ಅಭ್ಯಾಸ. ಹತ್ತು ದಿನದಿಂದ ಚಳಿಜ್ವರ, ಬಲ ಪಕ್ಕೆಯಲ್ಲಿ ನೋವು. ಉಸಿರೆಳೆದಾಗ ಅದು ಬಲ ಹೆಗಲಿಗೆ ಹೊಡೆಯುತ್ತದೆ. ಪಕ್ಕೆಲುಬುಗಳ ನಡುವೆ ಬೆರಳಿಟ್ಟು ಒತ್ತಿದರೆ ಚೀರುವಷ್ಟು ನೋವು. ಕಾಮಾಲೆ ಇಲ್ಲ, ಭೇದಿ ಇಲ್ಲ. ಬಿಳಿ ರಕ್ತಕಣಗಳು ಏರಿವೆ. ಸ್ಕ್ಯಾನಿಂಗಿನಲ್ಲಿ ಬಲ ಭಾಗದಲ್ಲಿ 7 ಸೆಂಟಿಮೀಟರ್ ಅಗಲದ ಒಂದೇ ಬಾವು, ಸುತ್ತ ಸಾಕಷ್ಟು ದಪ್ಪ ಯಕೃತ್ತು. ವೈದ್ಯರು ರಕ್ತ ಕಲ್ಚರ್‌ಗೆ ಕಳಿಸಿ, ಸಂಶಯ ನಿವಾರಣೆಯಾಗುವವರೆಗೆ ಒಂದು ಆಂಟಿಬಯಾಟಿಕ್ ಸೇರಿಸಿ, ಮೆಟ್ರೊನಿಡಜೋಲ್ ಆರಂಭಿಸುತ್ತಾರೆ. 400 ಮಿಲಿಗ್ರಾಂ ಮಾತ್ರೆ ಎರಡೆರಡರಂತೆ ದಿನಕ್ಕೆ ಮೂರು ಬಾರಿ, ಏಳರಿಂದ ಹತ್ತು ದಿನ. ವಾಂತಿ ಇದ್ದರೆ ಇದನ್ನೇ ಡ್ರಿಪ್ ಮೂಲಕ ಕೊಡುತ್ತಾರೆ. ಮೂರನೆಯ ದಿನ ಜ್ವರ ಇಳಿಯತೊಡಗುತ್ತದೆ, ನಾಲ್ಕನೆಯ ದಿನ ನೋವು ಅರ್ಧಕ್ಕರ್ಧ ಕಡಿಮೆ. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ, ಪ್ರತಿಕಾಯ ಪರೀಕ್ಷೆ ಪಾಸಿಟಿವ್ ಬಂತು, ಆಂಟಿಬಯಾಟಿಕ್ ನಿಲ್ಲಿಸಲಾಯಿತು. ಸೂಜಿಯ ಅಗತ್ಯ ಬೀಳಲಿಲ್ಲ.

ಈ 72ರಿಂದ 96 ಗಂಟೆಗಳು ಬಹಳ ಮುಖ್ಯ. ಅಮೀಬಾ ಬಾವಿದ್ದವರಲ್ಲಿ ಹೆಚ್ಚಿನವರಿಗೆ ಅಷ್ಟರೊಳಗೆ ಜ್ವರ, ನೋವು ಎರಡೂ ಸ್ಪಷ್ಟವಾಗಿ ಇಳಿಯುತ್ತವೆ. ನಾಲ್ಕೈದು ದಿನ ಕಳೆದರೂ ಜ್ವರ ಏರುತ್ತಲೇ ಇದ್ದರೆ ವೈದ್ಯರು ತಮ್ಮ ನಿರ್ಧಾರವನ್ನು ಮತ್ತೆ ಒರೆಗೆ ಹಚ್ಚಬೇಕಾಗುತ್ತದೆ. ಒಂದೋ ಅದು ಬ್ಯಾಕ್ಟೀರಿಯಾ ಬಾವು, ಇಲ್ಲವೇ ಅಮೀಬಾ ಬಾವಿನೊಳಗೆ ಬ್ಯಾಕ್ಟೀರಿಯಾ ಸೇರಿಕೊಂಡಿದೆ, ಇಲ್ಲವೇ ಬಾವು ತೀರಾ ದೊಡ್ಡದಾಗಿದೆ. ಆಗ ಸೂಜಿ ಹಾಕುವುದಕ್ಕೆ ಅರ್ಥವಿದೆ. ತೆಗೆದ ದ್ರವ ಕಂದಾಗಿದ್ದು ವಾಸನೆಯಿಲ್ಲದೆ, ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೆ ಅಮೀಬಾ ಎಂಬ ನಿರ್ಧಾರ ಗಟ್ಟಿಯಾಗುತ್ತದೆ. ಹಳದಿ ಬಣ್ಣದ ನಾರುವ ಕೀವು ಬಂದರೆ ಚಿಕಿತ್ಸೆಯ ದಿಕ್ಕೇ ಬದಲಾಗುತ್ತದೆ.

ಔಷಧ ಕೆಲಸ ಮಾಡುವವರೆಗೆ ಕಾಯಲಾಗದ ಸಂದರ್ಭಗಳೂ ಇವೆ. ಯಕೃತ್ತಿನ ಎಡ ಭಾಗದ ಬಾವು ಹೃದಯದ ಹೊರಪೊರೆಗೆ ತೀರಾ ಹತ್ತಿರ. ಅದು ಅಲ್ಲಿಗೆ ಒಡೆದರೆ ಹೃದಯ ಒತ್ತಡಕ್ಕೆ ಸಿಕ್ಕಿ ಪ್ರಾಣವೇ ಹೋಗಬಹುದು. ಹತ್ತು ಸೆಂಟಿಮೀಟರಿಗಿಂತ ದೊಡ್ಡ ಬಾವು, ಯಕೃತ್ತಿನ ಅಂಚಿನಲ್ಲಿ ತೆಳ್ಳನೆಯ ಪೊರೆಯಷ್ಟೇ ಉಳಿದಿರುವ ಬಾವು ಇವೂ ಒಡೆಯುವ ಅಪಾಯದವು. ಇಂಥಲ್ಲಿ ಔಷಧದ ಜೊತೆಗೇ ಬಸಿಯುವುದು ಸರಿಯಾದ ಕ್ರಮ. ಅಲ್ಟ್ರಾಸೌಂಡ್ ನೋಡುತ್ತಾ ಚರ್ಮದ ಮೂಲಕ ಸೂಜಿ ಹಾಕಿ ದ್ರವ ಎಳೆಯುತ್ತಾರೆ, ಅಥವಾ ತುದಿ ಸುರುಳಿಯಾಗಿರುವ ಪಿಗ್‌ಟೇಲ್ ಎಂಬ ತೆಳು ನಳಿಕೆಯನ್ನು ಕೆಲವು ದಿನ ಇರಿಸುತ್ತಾರೆ. ಬಾವು ದೊಡ್ಡದಾಗಿ ದ್ರವ ಮಂದವಾಗಿದ್ದರೆ ನಳಿಕೆಯೇ ಮೇಲು, ಏಕೆಂದರೆ ಸೂಜಿಯಿಂದ ಒಮ್ಮೆ ಎಳೆದ ಪೊಳ್ಳು ಮತ್ತೆ ತುಂಬಿಕೊಳ್ಳಬಹುದು. ಬಾವು ಆಗಲೇ ಒಡೆದಿದ್ದರೆ ಲಕ್ಷಣಗಳು ಥಟ್ಟನೆ ಬದಲಾಗುತ್ತವೆ. ಎದೆಗೆ ಒಡೆದರೆ ಉಸಿರುಕಟ್ಟುತ್ತದೆ, ಕೆಲವರು ಕಂದು ಕಫ ಕೆಮ್ಮುತ್ತಾರೆ. ಹೊಟ್ಟೆಯೊಳಗೆ ಒಡೆದರೆ ಹೊಟ್ಟೆ ಕಲ್ಲಿನಂತೆ ಬಿಗಿಯುತ್ತದೆ. ಹೊಟ್ಟೆ ಕೊಯ್ದು ಮಾಡುವ ಶಸ್ತ್ರಚಿಕಿತ್ಸೆ ಇಂದು ಹೆಚ್ಚಾಗಿ ಇಂಥ ಸಂದರ್ಭಗಳಿಗೆ ಉಳಿದಿದೆ.

ಸರಳ ಅಮೀಬಾ ಬಾವಿನಲ್ಲಿ ಎಲ್ಲರಿಗೂ ಸೂಜಿ ಹಾಕಿದರೆ ಬೇಗ ಗುಣವಾಗುತ್ತದೆಯೇ ಎಂಬ ಪ್ರಶ್ನೆಯನ್ನು ಹಲವು ಪ್ರಯೋಗಗಳು ಪರೀಕ್ಷಿಸಿವೆ. ಬರೀ ಔಷಧಕ್ಕಿಂತ ಅದು ಮೇಲು ಎಂಬುದಕ್ಕೆ ಗಟ್ಟಿ ಸಾಕ್ಷ್ಯ ದೊರೆತಿಲ್ಲ. ಕಲ್ಕತ್ತೆಯಲ್ಲಿದ್ದ ಲಿಯೊನಾರ್ಡ್ ರಾಜರ್ಸ್ 1912ರಲ್ಲಿ ಎಮೆಟಿನ್ ಚುಚ್ಚುಮದ್ದು ಈ ರೋಗಕ್ಕೆ ಗುಣಕಾರಿ ಎಂದು ತೋರಿಸುವ ಮೊದಲು ಬಾವನ್ನು ಕೊಯ್ದು ಬಸಿಯುವುದೇ ಮುಖ್ಯ ದಾರಿಯಾಗಿತ್ತು, ಸಾವುಗಳೂ ಬಹಳವಿದ್ದವು. ಎಮೆಟಿನ್ ಹೃದಯಕ್ಕೆ ಹಾನಿ ಮಾಡುತ್ತಿತ್ತು. 1966ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನ ವೈದ್ಯರು ಮೆಟ್ರೊನಿಡಜೋಲ್‌ನ ಫಲಿತಾಂಶ ಪ್ರಕಟಿಸಿದ ಮೇಲೆ ಚಿತ್ರವೇ ಬದಲಾಯಿತು. ಅದಕ್ಕೂ ತೊಂದರೆಗಳಿಲ್ಲದಿಲ್ಲ: ಬಾಯಲ್ಲಿ ಲೋಹದ ರುಚಿ, ಓಕರಿಕೆ. ಮಾತ್ರೆ ನುಂಗುವಾಗಲೂ, ಮುಗಿದ ಮೇಲೆ ಕೆಲವು ದಿನವೂ ಮದ್ಯ ಮುಟ್ಟಬಾರದು. ಟಿನಿಡಜೋಲ್ ಇನ್ನೊಂದು ಆಯ್ಕೆ. ದಿನಕ್ಕೊಮ್ಮೆ 2 ಗ್ರಾಂನಂತೆ ಮೂರರಿಂದ ಐದು ದಿನ ಕೊಡುತ್ತಾರೆ.

ಮೇಲಿನ ರೋಗಿಗೆ ಒಂದು ತಿಂಗಳ ಬಳಿಕ ಸ್ಕ್ಯಾನ್ ಮಾಡಿದರೆ ಪೊಳ್ಳು ಇನ್ನೂ 5 ಸೆಂಟಿಮೀಟರ್ ಇರಬಹುದು. ಗಾಬರಿಯಾಗಿ ಮತ್ತೊಂದು ಸುತ್ತು ಮಾತ್ರೆ ನುಂಗುವವರೂ, ಸೂಜಿ ಹಾಕಿಸಿಕೊಳ್ಳುವವರೂ ಇದ್ದಾರೆ. ಅದರ ಅಗತ್ಯವಿಲ್ಲ. ಅಮೀಬಾ ಸತ್ತ ಮೇಲೂ ಪೊಳ್ಳು ಮುಚ್ಚಿಕೊಳ್ಳಲು ತಿಂಗಳುಗಳು ಬೇಕು, ಕೆಲವರಲ್ಲಿ ವರ್ಷವೇ ಹಿಡಿಯುತ್ತದೆ. ಜ್ವರ ಹೋಗಿ, ನೋವು ಹೋಗಿ, ಹಸಿವು ಮರಳಿದ್ದರೆ ಚಿಕಿತ್ಸೆ ಫಲಿಸಿದೆ ಎಂದೇ ಲೆಕ್ಕ.

ನಿಜವಾಗಿ ಮರೆತುಹೋಗುವುದು ಎರಡನೆಯ ಔಷಧ. ಮೆಟ್ರೊನಿಡಜೋಲ್ ಕರುಳಿನ ಮೇಲ್ಭಾಗದಲ್ಲೇ ಬಹುಪಾಲು ರಕ್ತಕ್ಕೆ ಹೀರಿಕೊಳ್ಳಲ್ಪಡುತ್ತದೆ. ಯಕೃತ್ತಿಗೆ ಅದು ಒಳ್ಳೆಯದೇ, ಆದರೆ ಅದೇ ಕಾರಣಕ್ಕೆ ದೊಡ್ಡ ಕರುಳಿನೊಳಗೆ ಉಳಿದ ಅಮೀಬಾ ಅನೇಕರಲ್ಲಿ ಸಾಯದೆ ಇರುತ್ತದೆ. ಅಲ್ಲಿಂದ ಬಾವು ಮತ್ತೆ ಏಳಬಹುದು, ಮಲದ ಮೂಲಕ ಮನೆಯ ಇತರರಿಗೂ ಸೋಂಕು ಹರಡಬಹುದು. ಕರುಳಿನೊಳಗೇ ಉಳಿದು ಕೆಲಸ ಮಾಡುವ ಡೈಲೊಕ್ಸನೈಡ್ ಫ್ಯೂರೊಯೇಟ್ 500 ಮಿಲಿಗ್ರಾಂ ದಿನಕ್ಕೆ ಮೂರು ಬಾರಿ ಹತ್ತು ದಿನ, ಇಲ್ಲವೇ ಪ್ಯಾರೊಮೊಮೈಸಿನ್ ಏಳು ದಿನ ಕೊಟ್ಟ ಮೇಲೆಯೇ ಚಿಕಿತ್ಸೆ ಪೂರ್ಣ. ಮಲ ಪರೀಕ್ಷೆ ನೆಗೆಟಿವ್ ಬಂದಿದ್ದರೂ ಇದನ್ನು ಬಿಡುವಂತಿಲ್ಲ. ಆಸ್ಪತ್ರೆಯಿಂದ ಮನೆಗೆ ಹೊರಡುವ ರೋಗಿ ತನ್ನ ಚೀಟಿಯಲ್ಲಿ ಈ ಎರಡನೆಯ ಔಷಧ ಇದೆಯೇ ಎಂದು ನೋಡಿಕೊಳ್ಳಬೇಕು, ಇಲ್ಲದಿದ್ದರೆ ವೈದ್ಯರನ್ನು ಕೇಳಬೇಕು.