ಕ್ರಿಯೇಟಿನ್ ಪುಡಿಯೂ ಮೂತ್ರಪಿಂಡದ ಮೇಲಿನ ಅಪವಾದವೂ

ವ್ಯಾಯಾಮಶಾಲೆಗೆ ಹೋಗುವ ತರುಣರ ಚೀಲದಲ್ಲಿ ಈಗ ಮೇಲಿಂದ ಮೇಲೆ ಕಾಣಸಿಗುವ ಬಿಳಿಯ ಪುಡಿಯೊಂದುಂಟು. ಅದರ ಹೆಸರು ಕ್ರಿಯೇಟಿನ್ ಮಾನೊಹೈಡ್ರೇಟ್. ನೋಟಕ್ಕೆ ಅಡಿಗೆಯ ಸೋಡದಂತಿರುತ್ತದೆ. ರುಚಿ ಇಲ್ಲವೆಂದೇ ಹೇಳಬಹುದು. ಇದರಿಂದ ಬಲ ಹೆಚ್ಚುತ್ತದೆಂದು ಹುಡುಗರು ಹೇಳುತ್ತಾರೆ; ಮೂತ್ರಪಿಂಡ ಕೆಡುತ್ತದೆಂದು ಮನೆಯ ಹಿರಿಯರು ಹೆದರುತ್ತಾರೆ. ಮೊದಲನೆಯ ಮಾತಿನಲ್ಲಿ ಸತ್ಯಾಂಶವಿದೆ. ಎರಡನೆಯ ಭಯ ಎಲ್ಲಿಂದ ಹುಟ್ಟಿತೆಂಬುದನ್ನು ತಿಳಿಯಬೇಕಾದರೆ ಈ ವಸ್ತು ದೇಹದೊಳಗೆ ಏನು ಮಾಡುತ್ತದೆ, ಕೊನೆಗೆ ಏನಾಗಿ ಹೊರಬೀಳುತ್ತದೆ ಎಂಬುದನ್ನು ನೋಡಬೇಕು.

ಕ್ರಿಯೇಟಿನ್ ದೇಹಕ್ಕೆ ಹೊಸಬನಲ್ಲ. ಫ್ರಾನ್ಸಿನ ರಸಾಯನವಿಜ್ಞಾನಿ ಷೆವ್ರಲ್ 1832ರಲ್ಲಿ ಮಾಂಸದ ಸಾರದಿಂದ ಇದನ್ನು ಬೇರ್ಪಡಿಸಿ, ಮಾಂಸವೆಂಬ ಅರ್ಥದ ಗ್ರೀಕ್ ಮಾತಿನಿಂದ ಹೆಸರನ್ನು ಕೊಟ್ಟನು. ಎಪ್ಪತ್ತು ಕಿಲೊಗ್ರಾಂ ತೂಗುವ ಮನುಷ್ಯನ ಮೈಯಲ್ಲಿ ಇದು ಸುಮಾರು 120 ಗ್ರಾಂ ಇರುತ್ತದೆ. ಅದರಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಸ್ನಾಯುಗಳಲ್ಲಿ. ದಿನಕ್ಕೆ ಸುಮಾರು ಒಂದು ಗ್ರಾಮಿನಷ್ಟನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ತಯಾರಿಕೆಯ ಮೊದಲ ಹಂತ ಬಹುಮಟ್ಟಿಗೆ ಮೂತ್ರಪಿಂಡದಲ್ಲಿಯೂ ಕೊನೆಯ ಹಂತ ಯಕೃತ್ತಿನಲ್ಲಿಯೂ ನಡೆಯುವುದು. ಇನ್ನೊಂದು ಗ್ರಾಂ ಮಾಂಸ ಮೀನುಗಳನ್ನು ತಿನ್ನುವವರಿಗೆ ಆಹಾರದಿಂದ ಬರುತ್ತದೆ. ಸಸ್ಯಾಹಾರಿಗಳಿಗೆ ಆ ಮೂಲ ಇಲ್ಲವಾದ್ದರಿಂದ ಅವರ ಸ್ನಾಯುಗಳ ದಾಸ್ತಾನು ಸಾಮಾನ್ಯವಾಗಿ ಕಡಮೆ.

ಸ್ನಾಯುವಿನಲ್ಲಿ ಇದಕ್ಕೇನು ಕೆಲಸ ಎಂಬುದು ಷೆವ್ರಲನ ನಂತರ ಸುಮಾರು ನೂರು ವರ್ಷ ಯಾರಿಗೂ ತಿಳಿಯಲಿಲ್ಲ. ಅದನ್ನು ತಿಳಿಸಿಕೊಟ್ಟವರಲ್ಲಿ ಒಬ್ಬರು ನಮ್ಮ ದೇಶದವರು, ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಎಲ್ಲಾಪ್ರಗಡ ಸುಬ್ಬರಾವ್. ಅವರು ಅಮೆರಿಕದ ಹಾರ್ವರ್ಡಿನಲ್ಲಿ ಫಿಸ್ಕೆ ಎಂಬವರೊಡನೆ, ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಇರುವ ಫಾಸ್ಫೇಟನ್ನು ಅಳೆಯುವ ವಿಧಾನವೊಂದನ್ನು ರೂಪಿಸಿ 1925ರಲ್ಲಿ ಪ್ರಕಟಿಸಿದರು. ದ್ರಾವಣಕ್ಕೆ ತಕ್ಕ ರಾಸಾಯನಿಕಗಳನ್ನು ಸೇರಿಸಿದರೆ ನೀಲಿ ಬಣ್ಣ ಮೂಡುತ್ತದೆ. ಬಣ್ಣ ಗಾಢವಾದಷ್ಟೂ ಫಾಸ್ಫೇಟ್ ಹೆಚ್ಚು. ಆದರೆ ಸ್ನಾಯುವಿನ ಸಾರವನ್ನಿಟ್ಟಾಗ ಬಣ್ಣ ಮೂಡುವುದು ತಡವಾಗುತ್ತಿತ್ತು. ಬೇರೆಯವರಾಗಿದ್ದರೆ ಇದನ್ನು ವಿಧಾನದ ದೋಷವೆಂದು ಬಿಟ್ಟುಬಿಡುತ್ತಿದ್ದರೇನೊ. ಇವರು ಬಿಡಲಿಲ್ಲ. ಫಾಸ್ಫೇಟು ಯಾವುದೋ ವಸ್ತುವಿಗೆ ಅಂಟಿಕೊಂಡಿದ್ದು ಮೆಲ್ಲಮೆಲ್ಲನೆ ಬಿಡಿಸಿಕೊಳ್ಳುತ್ತಿರುವುದೆಂದು ಊಹಿಸಿ ಹುಡುಕಿದರು. ಆ ವಸ್ತು ಕ್ರಿಯೇಟಿನ್ ಆಗಿತ್ತು. ಸ್ನಾಯುವನ್ನು ಕೆರಳಿಸಿ ದಣಿಸಿದರೆ ಈ ಜೋಡಿ ಒಡೆಯುತ್ತದೆ, ವಿಶ್ರಾಂತಿ ಕೊಟ್ಟರೆ ಮತ್ತೆ ಕೂಡಿಕೊಳ್ಳುತ್ತದೆ ಎಂಬುದೂ ಕಂಡುಬಂತು. ಈ ಫಾಸ್ಫೊಕ್ರಿಯೇಟಿನ್ನಿನ ಸಂಗತಿ ಹೊರಬಿದ್ದುದು 1927ರಲ್ಲಿ. ಅದೇ ವರ್ಷ ಇಂಗ್ಲೆಂಡಿನ ಎಗಲ್‌ಟನ್ ದಂಪತಿಗಳೂ ಸ್ವತಂತ್ರವಾಗಿ ಇದನ್ನು ಕಂಡಿದ್ದರು.

ಸ್ನಾಯು ಸಂಕುಚಿಸುವುದಕ್ಕೆ ಬೇಕಾದ ಶಕ್ತಿ ನೇರವಾಗಿ ಬರುವುದು ಎ.ಟಿ.ಪಿ. ಎಂಬ ಅಣುವಿನಿಂದ. ಇದರಲ್ಲಿ ಮೂರು ಫಾಸ್ಫೇಟುಗಳು ಸಾಲಾಗಿವೆ. ಕೊನೆಯದು ಕಳಚಿದಾಗ ಶಕ್ತಿ ಒದಗುತ್ತದೆ. ತೊಂದರೆಯೇನೆಂದರೆ ಸ್ನಾಯುವಿನಲ್ಲಿ ಇದು ಇರುವುದು ಅತ್ಯಲ್ಪ. ಮರುಪೂರಣವಾಗದಿದ್ದರೆ ಪೂರ್ಣ ಬಿರುಸಿನ ಓಟಕ್ಕೆ ಎರಡು ಮೂರು ಸೆಕೆಂಡುಗಳಿಗಷ್ಟೇ ಸಾಕು. ಬಚ್ಚಲುಮನೆಯ ಹಳೆಯ ಏರ್ಪಾಟನ್ನು ನೆನೆಯಿರಿ. ಮೈಮೇಲೆ ನೀರು ಸುರಿಯುವುದು ಚೊಂಬಿನಿಂದ. ಚೊಂಬು ಬರಿದಾದೊಡನೆ ತುಂಬಿಸಿಕೊಳ್ಳುವುದು ಪಕ್ಕದ ಹಂಡೆಯಿಂದ. ಹಂಡೆ ಬರಿದಾದರೆ ಬಾವಿಗೆ ಹೋಗಬೇಕು. ಎ.ಟಿ.ಪಿ. ಚೊಂಬು, ಫಾಸ್ಫೊಕ್ರಿಯೇಟಿನ್ ಹಂಡೆ. ಸಕ್ಕರೆ ಕೊಬ್ಬುಗಳನ್ನು ಉರಿಸಿ ಶಕ್ತಿ ಪಡೆಯುವುದು ಬಾವಿಯಿಂದ ಸೇದಿದಂತೆ, ಅಪಾರವಾದರೂ ನಿಧಾನ. ಫಾಸ್ಫೇಟನ್ನು ಕಳೆದುಕೊಂಡ ಎ.ಟಿ.ಪಿ.ಗೆ ಫಾಸ್ಫೊಕ್ರಿಯೇಟಿನ್ ತನ್ನದನ್ನು ಕ್ಷಣಾರ್ಧದಲ್ಲಿ ಕೊಟ್ಟುಬಿಡುತ್ತದೆ. ಆದರೆ ಈ ಹಂಡೆಯೂ ಸುಮಾರು ಹತ್ತು ಸೆಕೆಂಡಿನ ಬಿರುಸಿಗೆ ಬಹುಪಾಲು ಬರಿದಾಗುತ್ತದೆ. ಪುಡಿಯ ಸೇವನೆಯಿಂದ ಆಗುವುದಿಷ್ಟೆ: ಹಂಡೆ ತುಸು ದೊಡ್ಡದಾಗುತ್ತದೆ, ಎರಡು ಪ್ರಯತ್ನಗಳ ನಡುವೆ ಬೇಗ ತುಂಬಿಕೊಳ್ಳುತ್ತದೆ.

ಆದಕಾರಣ ಲಾಭವೂ ಅಷ್ಟರ ಮಟ್ಟಿಗೇ. ಭಾರವನ್ನು ಎಂಟು ಸಲ ಎತ್ತುತ್ತಿದ್ದವನು ಒಂಬತ್ತು ಸಲ ಎತ್ತಬಹುದು. ಈ ಒಂದೊಂದು ಹೆಚ್ಚಿನ ಪ್ರಯತ್ನ ವಾರಗಟ್ಟಲೆ ಕೂಡಿ ಬಲವಾಗುತ್ತದೆ. ಎತ್ತದೆ ಕುಳಿತವನಿಗೆ ಪುಡಿಯಿಂದ ತೋಳು ಬೆಳೆಯದು. ಹತ್ತಾರು ಮೈಲಿ ಒಂದೇ ಸಮನೆ ಓಡುವವನು ಬಾವಿಯನ್ನು ನಂಬಿದವನು. ಅವನಿಗೆ ಪ್ರಯೋಜನ ಕಡಮೆ. ಮೊದಲೇ ತುಂಬಿದ ಹಂಡೆಯುಳ್ಳವರಲ್ಲಿ ಏನೂ ವ್ಯತ್ಯಾಸ ಕಾಣದಿರುವುದೂ ಉಂಟು; ಸಸ್ಯಾಹಾರಿಗಳಲ್ಲಿ ಏರಿಕೆ ಹೆಚ್ಚಾಗಿ ಕಾಣುತ್ತದೆ.

ಎಷ್ಟು ತೆಗೆದುಕೊಳ್ಳಬೇಕು? ಸ್ವೀಡನ್ನಿನ ಹಲ್ಟ್‌ಮನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸ್ಪಷ್ಟವಾದ ಉತ್ತರ ಕೊಡುತ್ತದೆ. ದಿನಕ್ಕೆ 20 ಗ್ರಾಮಿನಂತೆ ಆರು ದಿನ ಸೇವಿಸಿದವರ ಸ್ನಾಯುಗಳಲ್ಲಿ ಕ್ರಿಯೇಟಿನ್ ನೂರಕ್ಕೆ ಇಪ್ಪತ್ತರಷ್ಟು ಏರಿತು. ದಿನಕ್ಕೆ ಬರಿಯ 3 ಗ್ರಾಮಿನಂತೆ 28 ದಿನ ಸೇವಿಸಿದವರಲ್ಲಿಯೂ ಏರಿಕೆ ಅಷ್ಟೇ ಆಯಿತು. ಅವಸರವಿಲ್ಲದವನು ದಿನಕ್ಕೆ 3ರಿಂದ 5 ಗ್ರಾಂ, ಎಂದರೆ ಒಂದು ಸಣ್ಣ ಚಮಚ, ತೆಗೆದುಕೊಂಡರೆ ಸಾಕು. ಸ್ನಾಯು ತುಂಬಿದ ಮೇಲೆ ಹೆಚ್ಚಿನದು ಮೂತ್ರದಲ್ಲಿ ಹೋಗುವುದರಿಂದ ಎರಡು ಚಮಚಕ್ಕೆ ಎರಡರಷ್ಟು ಫಲವಿಲ್ಲ. ಒಮ್ಮೆಗೇ ಹೆಚ್ಚು ನುಂಗಿದರೆ ಹೊಟ್ಟೆ ಕೆಡಬಹುದು. ಹೊತ್ತಿನ ನಿಯಮವೇನೂ ಇಲ್ಲ. ಊಟದೊಡನೆ ತೆಗೆದುಕೊಂಡರೆ ಮರೆಯುವುದಿಲ್ಲ, ಹೊಟ್ಟೆಗೂ ಹಿತ. ತಣ್ಣೀರಿನಲ್ಲಿ ಇದು ಬೇಗ ಕರಗದು. 5 ಗ್ರಾಂ ಪೂರ್ತಿ ಕರಗಲು ಮೂರನೆಯ ಒಂದು ಲೀಟರಿಗಿಂತ ಹೆಚ್ಚು ನೀರು ಬೇಕು. ಉಗುರುಬೆಚ್ಚಗಿನ ನೀರು ಮೇಲು. ಹುಳಿಯಾದ ಹಣ್ಣಿನ ರಸದಲ್ಲಿ ಕಲಸಿ ದಿನವೆಲ್ಲ ಇಡಬಾರದು, ಕ್ರಿಯೇಟಿನ್ ನಾಶವಾಗುತ್ತಾ ಹೋಗುತ್ತದೆ. ಮೊದಲ ವಾರದಲ್ಲಿ ತೂಕ ಒಂದು ಕಿಲೊಗ್ರಾಮಿನಷ್ಟು ಏರಿದರೆ ಅದು ಸ್ನಾಯುವಿನೊಳಕ್ಕೆ ಕ್ರಿಯೇಟಿನ್ನಿನೊಡನೆ ಹೋದ ನೀರೆಂದು ತಿಳಿಯತಕ್ಕದ್ದು. ಬಣ್ಣಬಣ್ಣದ ಡಬ್ಬಿಗಳಲ್ಲಿ ದುಬಾರಿಗೆ ಮಾರುವ ಇತರ ರೂಪಗಳು ಈ ಸಾದಾ ಪುಡಿಗಿಂತ ಉತ್ತಮವೆಂದು ಸಿದ್ಧಪಟ್ಟಿಲ್ಲ. ಹತ್ತು ಬಗೆಯ ದ್ರವ್ಯಗಳನ್ನು ಬೆರಸಿದ ಪುಡಿಗಿಂತ, ಇದೊಂದೇ ಇರುವುದನ್ನು ಕೊಳ್ಳುವುದು ಜಾಣತನ.

ಇನ್ನು ಅಪವಾದದ ವಿಷಯ. ಸ್ನಾಯುವಿನಲ್ಲಿರುವ ಕ್ರಿಯೇಟಿನ್ನಿನಲ್ಲಿ ದಿನಕ್ಕೆ ನೂರಕ್ಕೆ ಎರಡು ಪಾಲಿಗಿಂತ ತುಸು ಕಡಮೆಯಷ್ಟು ತನ್ನಷ್ಟಕ್ಕೆ ತಾನೇ ಬೇರೊಂದು ವಸ್ತುವಾಗಿ ಮಾರ್ಪಡುತ್ತದೆ. ಅದರ ಹೆಸರು ಕ್ರಿಯೇಟಿನೈನ್. ಹೆಸರುಗಳು ಇಷ್ಟು ಹತ್ತಿರವಾಗಿರುವುದೂ ಗೊಂದಲಕ್ಕೆ ಒಂದು ಕಾರಣವೆನ್ನಬೇಕು. ಈ ಕ್ರಿಯೇಟಿನೈನಿನಿಂದ ದೇಹಕ್ಕೆ ಉಪಯೋಗವಿಲ್ಲ. ಮೂತ್ರಪಿಂಡ ಅದನ್ನು ರಕ್ತದಿಂದ ಸೋಸಿ ಹೊರಹಾಕುತ್ತದೆ. ಸೋಸುವ ಶಕ್ತಿ ಕುಂದಿದರೆ ಅದು ರಕ್ತದಲ್ಲಿ ಉಳಿದು ಮೇಲೇರುತ್ತದೆ. ವೈದ್ಯರು ಆ ಮಟ್ಟವನ್ನು ಅಳೆದು ಮೂತ್ರಪಿಂಡದ ಸ್ಥಿತಿಯನ್ನು ಅಂದಾಜು ಮಾಡುತ್ತಾರೆ. ಬೀದಿಯಲ್ಲಿ ಬಿದ್ದ ಕಸವನ್ನು ನೋಡಿ ಗುಡಿಸುವವನ ಶ್ರದ್ಧೆಯನ್ನು ಅಳೆದಂತೆ ಇದು. ಸಾಧಾರಣ ದಿನಗಳಲ್ಲಿ ಲೆಕ್ಕ ಸರಿಹೋಗುತ್ತದೆ. ಬೀದಿಯಲ್ಲಿ ಒಂದು ಮದುವೆ ನಡೆದು ಎಲೆಗಳು ರಾಶಿ ಬಿದ್ದರೆ, ಗುಡಿಸುವವನು ಎಂದಿನಂತೆ ದುಡಿದರೂ ಬೀದಿ ಕೊಳಕಾಗಿಯೇ ಕಾಣುತ್ತದೆ. 120 ಗ್ರಾಂ ಇದ್ದ ದಾಸ್ತಾನು ಪುಡಿಯಿಂದ 144 ಆಯಿತೆನ್ನೋಣ. ದಿನಕ್ಕೆ ಸುಮಾರು 2 ಗ್ರಾಂ ಹುಟ್ಟುತ್ತಿದ್ದ ಕ್ರಿಯೇಟಿನೈನ್ ಈಗ 2.4 ಗ್ರಾಂ ಹುಟ್ಟುವುದು. ಸೋಸುವ ವೇಗ ಒಂದಿಷ್ಟೂ ಬದಲಾಗದಿದ್ದರೂ ರಕ್ತದಲ್ಲಿ ಅದರ ಮಟ್ಟ ಐದನೆಯ ಒಂದು ಪಾಲು ಏರಲೇಬೇಕು.

1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಂಗ್ಲೆಂಡಿನ ಇಬ್ಬರು ವೈದ್ಯರು 25 ವರ್ಷದ ರೋಗಿಯೊಬ್ಬನ ವೃತ್ತಾಂತವನ್ನು ಬರೆದರು. ಅವನು ಕ್ರಿಯೇಟಿನ್ ಸೇವಿಸುತ್ತಿದ್ದಾಗ ಕ್ರಿಯೇಟಿನೈನ್ ಏರಿತ್ತು. ನಿಲ್ಲಿಸಿದ ಮೇಲೆ ಇಳಿಯಿತು. ಭಯ ಹಬ್ಬಿದುದು ಬಹುಮಟ್ಟಿಗೆ ಇಲ್ಲಿಂದ. ಆದರೆ ಅವನಿಗೆ ವರ್ಷಗಳಿಂದ ಮೂತ್ರಪಿಂಡದ ರೋಗವಿತ್ತು. ಮೂತ್ರಪಿಂಡಕ್ಕೇ ಹಾನಿ ಮಾಡಬಲ್ಲ ಸೈಕ್ಲೊಸ್ಪೋರಿನ್ ಎಂಬ ಔಷಧವನ್ನೂ ಅವನು ತೆಗೆದುಕೊಳ್ಳುತ್ತಿದ್ದನು. ಇಂಥವನ ಸಂಗತಿಯಿಂದ ಆರೋಗ್ಯವಂತರ ವಿಷಯದಲ್ಲಿ ತೀರ್ಮಾನ ಮಾಡುವುದು ಒಪ್ಪತಕ್ಕದ್ದಲ್ಲ.

ಸಂದೇಹ ಪರಿಹಾರಕ್ಕೆ ಕ್ರಿಯೇಟಿನೈನನ್ನು ನಂಬದ ಅಳತೆಯೊಂದು ಬೇಕಾಗಿತ್ತು. ಬ್ರೆಜಿಲ್ ದೇಶದ ಗ್ವಾಲಾನೊ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪರೀಕ್ಷೆ ಅಂಥದು. ಅವರು ಆರಿಸಿಕೊಂಡವನು ಒಂದೇ ಮೂತ್ರಪಿಂಡವುಳ್ಳ 20 ವರ್ಷದ ತರುಣ. ಹಾನಿಯಾಗುವುದಿದ್ದರೆ ಇವನಲ್ಲಿ ಬೇಗ ಕಾಣಬೇಕು. ಅವನಿಗೆ ಐದು ದಿನ 20 ಗ್ರಾಮಿನಂತೆಯೂ ಮುಂದಿನ 30 ದಿನ 5 ಗ್ರಾಮಿನಂತೆಯೂ ಕ್ರಿಯೇಟಿನ್ ಕೊಟ್ಟರು. ರಕ್ತದ ಕ್ರಿಯೇಟಿನೈನ್ 1.03 ಮಿಲಿಗ್ರಾಮಿನಿಂದ 1.27ಕ್ಕೆ ಏರಿತು. ಅದನ್ನಾಧರಿಸಿದ ಅಂದಾಜಿನ ಪ್ರಕಾರ ಸೋಸುವ ಶಕ್ತಿ 88ರಿಂದ 71ಕ್ಕೆ ಕುಸಿದಿತ್ತು. ಕಾಗದವನ್ನಷ್ಟೇ ನೋಡಿದವರು ಗಾಬರಿಯಾಗುತ್ತಿದ್ದರು. ಆದರೆ ಅವರು ಮೂತ್ರಪಿಂಡದ ಮೂಲಕವೇ ಹೊರಹೋಗುವ, ವಿಕಿರಣಶೀಲ ಕ್ರೋಮಿಯಂ ಸೇರಿಸಿದ ದ್ರವ್ಯವೊಂದನ್ನು ರಕ್ತಕ್ಕೆ ಬಿಟ್ಟು, ಅದು ಎಷ್ಟು ಬೇಗ ಮಾಯವಾಗುವುದೆಂದು ನೇರವಾಗಿ ಅಳೆದರು. ಸೋಸುವ ವೇಗ ಮೊದಲು ನಿಮಿಷಕ್ಕೆ 81.6 ಮಿಲಿಲೀಟರ್, 35 ದಿನಗಳ ನಂತರ 82.0. ಮೂತ್ರದಲ್ಲಿ ಸೋರುವ ಪ್ರೋಟೀನೂ ಹೆಚ್ಚಿರಲಿಲ್ಲ.

ಒಬ್ಬನ ಮೇಲಿನ 35 ದಿನಗಳ ಪರೀಕ್ಷೆಯಿಂದ ಎಲ್ಲವೂ ಇತ್ಯರ್ಥವಾಗದು, ನಿಜ. ಆದರೆ ಆರೋಗ್ಯವಂತರ ಮೇಲೆ ತಿಂಗಳುಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ ನಡೆದ ಇತರ ಪರೀಕ್ಷೆಗಳೂ ಹೇಳಿದ ಮಾತ್ರೆಯಲ್ಲಿ ಸೇವಿಸಿದಾಗ ಹಾನಿಯನ್ನು ತೋರಿಸಿಲ್ಲ. ಈ ಮಾತು ಮೂತ್ರಪಿಂಡದ ರೋಗಿಗಳಿಗೆ ಅನ್ವಯಿಸುವುದಿಲ್ಲ. ಅವರೂ, ಮೂತ್ರಪಿಂಡಕ್ಕೆ ಹೊರೆಯಾಗುವ ಔಷಧಗಳನ್ನು ಸೇವಿಸುವವರೂ ವೈದ್ಯರ ಅಪ್ಪಣೆಯಿಲ್ಲದೆ ಇದನ್ನು ಮುಟ್ಟಬಾರದು. ಹದಿನೆಂಟು ತುಂಬದವರ ಮೇಲೆ ನಡೆದ ಪರೀಕ್ಷೆಗಳು ಕಡಮೆಯಾದ್ದರಿಂದ ಪ್ರೌಢಶಾಲೆಯ ವಿದ್ಯಾರ್ಥಿಗಳು ಕಾಯುವುದು ಲೇಸು.

ಪುಡಿಯನ್ನು ಸೇವಿಸುವವನು ರಕ್ತ ಪರೀಕ್ಷೆಗೆ ಹೋದಾಗ ಆ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಹಿಂದಿನ ದಿನ ಕಠಿಣ ವ್ಯಾಯಾಮವನ್ನೂ ಮಾಂಸದೂಟವನ್ನೂ ಬಿಟ್ಟಿರಬೇಕು, ಅವೂ ಕ್ರಿಯೇಟಿನೈನನ್ನು ಏರಿಸುತ್ತವೆ. ಅಷ್ಟಾದರೂ ಅಂಕಿ ಹೆಚ್ಚಿದ್ದರೆ ಎರಡು ದಾರಿಗಳುಂಟು. ಒಂದು, ಸಿಸ್ಟಾಟಿನ್ ಸಿ ಎಂಬ ಪ್ರೋಟೀನನ್ನು ಅಳೆಯಿಸುವುದು. ಇದೂ ಮೂತ್ರಪಿಂಡದಿಂದ ಸೋಸಲ್ಪಡುವುದಾದರೂ ಕ್ರಿಯೇಟಿನ್ನಿನಿಂದ ಹುಟ್ಟುವುದಲ್ಲ. ಇನ್ನೊಂದು, ಪುಡಿಯನ್ನು ನಿಲ್ಲಿಸಿ ನಾಲ್ಕರಿಂದ ಆರು ವಾರಗಳ ಮೇಲೆ ಮತ್ತೆ ಪರೀಕ್ಷಿಸುವುದು. ಅಷ್ಟರಲ್ಲಿ ಸ್ನಾಯುಗಳ ದಾಸ್ತಾನು ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಆಗಲೂ ಕ್ರಿಯೇಟಿನೈನ್ ಇಳಿಯದಿದ್ದರೆ, ಅಥವಾ ಮೂತ್ರದಲ್ಲಿ ಪ್ರೋಟೀನ್ ಕಂಡುಬಂದರೆ, ಕಾರಣವನ್ನು ಪುಡಿಯಲ್ಲಿ ಹುಡುಕುತ್ತ ಕೂರದೆ ಮೂತ್ರಪಿಂಡದ ತಜ್ಞರ ಬಳಿಗೆ ಹೋಗಬೇಕು.