ಮೊದಲು ತೆರೆಯಬೇಕಾದ ಲಗತ್ತು ಯಾವುದು?

ಕಚೇರಿಯ ಪತ್ರಗಳ ಕೊನೆಯಲ್ಲಿ “ಲಗತ್ತು: 3” ಎಂಬ ಒಕ್ಕಣೆಯನ್ನು ವಾಚಕರು ಕಂಡಿರಬಹುದು. ಲಕೋಟೆಯಲ್ಲಿ ಎರಡೇ ಕಾಗದಗಳಿದ್ದರೆ, ಒಂದು ಎಲ್ಲಿಯೋ ತಪ್ಪಿಹೋಗಿದೆಯೆಂದು ಗುಮಾಸ್ತನಿಗೆ ಆ ಒಂದು ಸಾಲಿನಿಂದಲೇ ತಿಳಿಯುತ್ತಿತ್ತು. ಇಂದು ನಾವು ಲಗತ್ತುಗಳನ್ನು ಇಮೇಲ್‌ನಲ್ಲಿ ಕಳುಹಿಸುತ್ತೇವೆ. ಆ ಸಾಲನ್ನು ಮಾತ್ರ ಬರೆಯುವುದನ್ನು ಬಿಟ್ಟಿದ್ದೇವೆ.

ಇಮೇಲ್ ಮೂಲತಃ ಅಕ್ಷರಗಳನ್ನು ಮಾತ್ರ ಸಾಗಿಸಲು ಹುಟ್ಟಿದುದು. ಚಿತ್ರ, ಧ್ವನಿ ಮೊದಲಾದುವನ್ನೂ ಅದರೊಳಗೆ ಅಡಕಮಾಡುವ ‘ಮೈಮ್’ ಎಂಬ ನಿಯಮಾವಳಿಯನ್ನು ನೆಥೇನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬವರು ರೂಪಿಸಿದರು. 1992ರ ಮಾರ್ಚ್ 11ರಂದು ಬೋರೆನ್‌ಸ್ಟೈನರು ತಮ್ಮ ಗಾಯಕ ಮಿತ್ರರೊಡನೆ ನಿಂತ ಚಿತ್ರವೊಂದನ್ನು ಹೀಗೆ ಕಳುಹಿಸಿದರು. ಲಗತ್ತು ಹೊರಡುವಾಗ ಅದರ ತಲೆಯ ಮೇಲೆ ಇಂಥದೊಂದು ಚೀಟಿ ಅಂಟಿಕೊಂಡಿರುತ್ತದೆ:

```
Content-Disposition: attachment; filename="project.pdf"
```

ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ನಮ್ಮ ಗಣಕದಲ್ಲಿ ಈ ಫೈಲು “ರಸಾಯನಶಾಸ್ತ್ರ” ಎಂಬ ಫೋಲ್ಡರಿನೊಳಗೆ, “ಕೆರೆಯ ನೀರು” ಎಂಬ ಇನ್ನೊಂದು ಫೋಲ್ಡರಿನಲ್ಲಿ ಇದ್ದಿರಬಹುದು. ಅಲ್ಲಿ `project.pdf` ಎಂದರೆ ಏನೆಂಬುದು ನಮಗೆ ಚೆನ್ನಾಗಿ ಗೊತ್ತು. ಆದರೆ ಚೀಟಿಯಲ್ಲಿ ಫೋಲ್ಡರಿನ ಹೆಸರು ಹೋಗುವುದಿಲ್ಲ. ಊರು, ಮನೆತನಗಳನ್ನು ಹಿಂದೆ ಬಿಟ್ಟು ಬರಿಯ ಹೆಸರಿನೊಡನೆ ಹೊರಟ ಪ್ರಯಾಣಿಕನಂತೆ ಫೈಲು ಆಚೆಯ ದಡವನ್ನು ಸೇರುತ್ತದೆ.

ಆಚೆಯ ದಡದಲ್ಲಿ ಏನಾಗುವುದೆಂಬುದನ್ನು ನಮಗೆ ಪರಿಚಿತರಾದ ಅಧ್ಯಾಪಕರೊಬ್ಬರ ಅನುಭವದಿಂದ ತಿಳಿಯಬಹುದು. ನಲವತ್ತು ವಿದ್ಯಾರ್ಥಿಗಳು ಅವರಿಗೆ ಪ್ರಯೋಗದ ವರದಿಗಳನ್ನು ಕಳುಹಿಸಿದರು. ಬಹುಮಂದಿಯ ಫೈಲಿನ ಹೆಸರು `project.pdf` ಎಂದೇ! ಒಂದೇ ಫೋಲ್ಡರಿನಲ್ಲಿ ಇಳಿಸಿಕೊಂಡಾಗ ಗಣಕವು ಅವುಗಳಿಗೆ `project (1).pdf`, `project (2).pdf` ಎಂದು ತಾನೇ ಅಂಕೆಗಳನ್ನು ಹಾಕಿತು. ಒಬ್ಬ ವಿದ್ಯಾರ್ಥಿನಿ ಲೆಕ್ಕದ ತಪ್ಪನ್ನು ತಿದ್ದಿ ಎರಡನೆಯ ಬಾರಿ ಕಳುಹಿಸಿದ್ದಳು. ಅಧ್ಯಾಪಕರು ತೆರೆದದ್ದು ಮೊದಲನೆಯದನ್ನು. ಅಂಕ ಬಿದ್ದದ್ದೂ ಅದಕ್ಕೇ. ತಪ್ಪು ಯಾರದೆಂದು ಹೇಳುವುದು ಕಷ್ಟ.

ಅವಳು ಕಳುಹಿಸಿದ್ದು ಮೂರು ಫೈಲುಗಳು: ವರದಿ, ಅಳತೆಗಳ ಪಟ್ಟಿ, ಕೆರೆಯ ಛಾಯಾಚಿತ್ರ. ಅವುಗಳನ್ನು ಹೀಗೆ ಹೆಸರಿಸಬಹುದಾಗಿತ್ತು:

```
01_Rekha_KereNeeru_Varadi_2025-03-14.pdf
02_Rekha_KereNeeru_Alategalu_2025-03-14.xlsx
03_Rekha_KereNeeru_Chitra_2025-03-09.jpg
```

ಮೊದಲಿನ ಸೊನ್ನೆ ಏಕೆ? ಗಣಕವು ಹೆಸರುಗಳನ್ನು ಜೋಡಿಸುವಾಗ ಅನೇಕ ಕಡೆ ಸಂಖ್ಯೆಯ ಬೆಲೆಯನ್ನು ನೋಡದೆ ಒಂದೊಂದೇ ಅಕ್ಷರವನ್ನು ಹೋಲಿಸುತ್ತದೆ. ‘10’ರ ಮೊದಲ ಅಕ್ಷರ 1; ಅದು 2ಕ್ಕಿಂತ ಮುಂಚಿನದು. ಆದುದರಿಂದ ಹತ್ತನೆಯ ಫೈಲು ಎರಡನೆಯದಕ್ಕಿಂತ ಮುಂದೆ ಬಂದು ಕುಳಿತುಬಿಡುತ್ತದೆ. ‘02’ ಎಂದು ಬರೆದರೆ ಈ ತೊಡಕಿಲ್ಲ. ಕೆಲವು ತಂತ್ರಾಂಶಗಳು ಸಂಖ್ಯೆಯನ್ನು ಗುರುತಿಸಿಯೇ ಜೋಡಿಸುತ್ತವೆ, ನಿಜ. ಆದರೆ ಪತ್ರ ಪಡೆಯುವವರ ಬಳಿ ಯಾವುದಿದೆಯೆಂದು ನಾವು ಬಲ್ಲೆವೆ? ಮೂರೇ ಫೈಲುಗಳಿರುವಾಗ ಸೊನ್ನೆ ಅನಾವಶ್ಯಕವೆಂದು ತೋರಿದರೂ, ಹಾಕಿದರೆ ನಷ್ಟವಿಲ್ಲ.

ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯುವುದಕ್ಕೂ ಇದೇ ಕಾರಣ. 1988ರಲ್ಲಿ ಪ್ರಕಟವಾದ ಐಎಸ್‌ಓ 8601 ಎಂಬ ಅಂತರರಾಷ್ಟ್ರೀಯ ಮಾನಕದ ಕ್ರಮವೂ ಇದೇ. ನಮ್ಮ ವಾಡಿಕೆಯಂತೆ `14-03-2025` ಎಂದು ಬರೆದರೆ ಏಪ್ರಿಲ್ 2ರ ಫೈಲು ಮಾರ್ಚ್ 14ರ ಫೈಲಿಗಿಂತ ಮುಂದೆ ನಿಲ್ಲುತ್ತದೆ. `final`, `final2`, `newfinal` ಎಂಬ ಹೆಸರುಗಳಲ್ಲಿ ಯಾವುದು ಕೊನೆಯದೆಂದು ಬರೆದವರೇ ಮರುವಾರ ಮರೆತಿರುತ್ತಾರೆ!

ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಏಕೆ ಬರೆಯಬಾರದು? ಬರೆಯಬಹುದು. ಆದರೆ ಇಮೇಲ್‌ನ ಹಳೆಯ ನಿಯಮಗಳು ಇಂಗ್ಲಿಷ್ ಅಕ್ಷರಗಳಿಗಾಗಿ ಆದುವು. ಕನ್ನಡದ ‘ಕ’ಕಾರವು ಚೀಟಿಯಲ್ಲಿ `%E0%B2%95` ಎಂಬ ವೇಷದಲ್ಲಿ ಹೋಗಬಹುದು. ಪಡೆಯುವ ತಂತ್ರಾಂಶವು ವೇಷವನ್ನು ಕಳಚಲು ಅರಿಯದಿದ್ದರೆ ಹೆಸರಿನ ಬದಲು ಈ ಚಿಹ್ನೆಗಳ ಮಾಲೆಯೇ ಕಾಣಿಸುತ್ತದೆ. ಅಪರಿಚಿತರಿಗೆ ಕಳುಹಿಸುವಾಗ ರೋಮನ್ ಲಿಪಿ ಸುರಕ್ಷಿತವೆಂದು ಒಲ್ಲದ ಮನಸ್ಸಿನಿಂದಲೇ ಹೇಳಬೇಕಾಗಿದೆ.

ಹೆಸರು ಎಷ್ಟೇ ಚೆನ್ನಾಗಿದ್ದರೂ, ಯಾವುದನ್ನು ಏಕೆ ಓದಬೇಕೆಂಬುದನ್ನು ಅದು ಹೇಳಲಾರದು. ಅದು ಪತ್ರದ ಕೆಲಸ. ವಿದ್ಯಾರ್ಥಿನಿಯ ಎರಡನೆಯ ಪತ್ರ ಹೀಗಿದ್ದಿದ್ದರೆ ಸಾಕಾಗುತ್ತಿತ್ತು:

“ಪೂಜ್ಯ ಗುರುಗಳಿಗೆ ನಮಸ್ಕಾರಗಳು. ಇದರೊಡನೆ 3 ಲಗತ್ತುಗಳಿವೆ. ದಯವಿಟ್ಟು 01 ಎಂದು ಆರಂಭವಾಗುವ ವರದಿಯನ್ನು ಮೊದಲು ತೆರೆಯಬೇಕು. 4ನೆಯ ಪುಟದ ಲೆಕ್ಕವನ್ನು ತಿದ್ದಿದ್ದೇನೆ. ಮಾರ್ಚ್ 12ರಂದು ಕಳುಹಿಸಿದ ವರದಿಯನ್ನು ಪರಿಗಣಿಸಬಾರದಾಗಿ ಪ್ರಾರ್ಥನೆ. 02ರಲ್ಲಿ ಅಳತೆಗಳಿವೆ, ಸಂದೇಹ ಬಂದರೆ ಮಾತ್ರ ನೋಡಬಹುದು. 03 ಕೆರೆಯ ಚಿತ್ರ.”

ಎಣಿಕೆಯನ್ನು ಬರೆದುದರ ಪ್ರಯೋಜನ ಇನ್ನೊಂದು ಕಡೆಯೂ ಇದೆ. ಅಧ್ಯಾಪಕರು ಆ ಪತ್ರಕ್ಕೆ ಉತ್ತರಿಸಿ, ಉತ್ತರದ ಪ್ರತಿಯನ್ನು ಸಹೋದ್ಯೋಗಿಗೂ ಕಳುಹಿಸಿದರೆನ್ನಿ. ಉತ್ತರಿಸುವಾಗ ಸಾಮಾನ್ಯವಾಗಿ ಹಳೆಯ ಪತ್ರದ ಅಕ್ಷರಗಳು ಉಳಿಯುತ್ತವೆ, ಲಗತ್ತುಗಳು ಉದುರಿಹೋಗುತ್ತವೆ. ಫಾರ್ವರ್ಡ್ ಮಾಡಿದರೆ ಮಾತ್ರ ಅವು ಜೊತೆಗೆ ಹೋಗುತ್ತವೆ. “3 ಲಗತ್ತುಗಳಿವೆ” ಎಂಬ ಸಾಲನ್ನು ಓದಿ, ಒಂದೂ ಕಾಣದ ಸಹೋದ್ಯೋಗಿ, ಆ ಹಳೆಯ ಗುಮಾಸ್ತನಂತೆಯೇ, ಅವು ಎಲ್ಲಿ ಎಂದು ಕೇಳುತ್ತಾರೆ.